3-4-5 ಹಾಕಿದರೂ ಮೂಲೆ ಓರೆ: ಟೇಪು ತಪ್ಪೋ, ಗುರುತು ತಪ್ಪೋ? ಅನುಭವ ಇದ್ದವರು ಹೇಳಿ

ಹೊಸಗೆರೆ:
ನೆಲದ ಮೇಲೆ ಮರದ ಚೌಕಟ್ಟು ಮಾಡಿದ್ದೇನೆ. ಅಗಲ 2700 ಮಿಮೀ, ಉದ್ದ 3600 ಮಿಮೀ. ಮೇಲೆ 18 ಮಿಮೀ ಪ್ಲೈವುಡ್ ಹಾಸಬೇಕು. ಮುಂದಿನ ಎಡ ಮೂಲೆಯಲ್ಲಿ ಒಂದು ಕಡೆ 300, ಇನ್ನೊಂದು ಕಡೆ 400 ಗುರುತು ಹಾಕಿ, ನಡುವೆ 500 ಬರುವಂತೆ ಕೂರಿಸಿ ಸ್ಕ್ರೂ ಬಿಗಿದೆ. ಎದುರುಬದುರು ಬದಿಗಳು ಸಮ ಇವೆ. ಹಾಳೆಗಳನ್ನು ಸುಮ್ನೆ ಇಟ್ಟು ನೋಡಿದರೆ ಎಡಬದಿಯಲ್ಲಿ ಚೌಕಟ್ಟು ಹೊರಗೆ ಇಣುಕುತ್ತಿದೆ. ಮೊದಲ ಹಾಳೆ ಮುಗಿಯುವಲ್ಲಿ 5 ಮಿಮೀ, ಎರಡನೆಯದು ಮುಗಿಯುವಲ್ಲಿ 10, ಮೂರನೆಯದರ ಕೊನೆಗೆ 15. ಹಾಳೆಯನ್ನೇ ಓರೆಯಾಗಿ ಕತ್ತರಿಸಿ ಹೊಂದಿಸಲೇ? ಹೀಗೆ ಆದವರು ಏನು ಮಾಡಿದಿರಿ?

ಉಳಿಸುತ್ತಿಗೆ:
ಮೇಡಂ, ಎಲ್ಲ ತಪ್ಪೂ ಟೇಪು ಓದುವಲ್ಲಿಂದಲೇ ಶುರು. ನನಗೆ ಆದ ನಷ್ಟ ಹೇಳುತ್ತೇನೆ, ಕೇಳಿ.

ಗೋಡೆ ಕಪಾಟಿಗೆ ತೇಗದ ಹಲಗೆ. ಉದ್ದದವು ಆರು ಅಡಿ ಹತ್ತು ಇಂಚು, ನಿಲುವಿನವು ಆರು ಅಡಿ ಮೂರು ಇಂಚು. ನಾನು ಅಳೆದು ಬಾಯಲ್ಲಿ ಹೇಳಿದೆ, ಜೊತೆಗಿದ್ದ ಹುಡುಗ ಬರೆದುಕೊಂಡ. ಅವನು ಬರೆದದ್ದು 6.10 ಮತ್ತು 6.3. ಮರ ಕುಯ್ಯುವ ಕಡೆ ಆ ಚೀಟಿ ಹೋಯಿತು. ಅಲ್ಲಿದ್ದವನು ಅದನ್ನು ಕ್ಯಾಲ್ಕ್ಯುಲೇಟರಿಗೆ ಹಾಕಿದ. 6.3 ಅಡಿ ಅಂದರೆ ಆರಡಿ ಮೂರೂವರೆ ಇಂಚಿಗೂ ಸ್ವಲ್ಪ ಜಾಸ್ತಿ. ಅದು ಬಚಾವ್, ಉದ್ದ ಇದ್ದರೆ ಕಡಿಯಬಹುದು. ಆದರೆ 6.10 ಹಾಕಿದರೆ ಅದು 6.1 ಆಗುತ್ತದೆ ಅಲ್ವಾ? ಆರಡಿ ಒಂದು ಇಂಚು, ಮೇಲೆ ಒಂದೂವರೆ ನೂಲು. ಹೆಚ್ಚುಕಡಿಮೆ ಒಂಬತ್ತು ಇಂಚು ಗಿಡ್ಡ. ಗಂಟಿಲ್ಲದ, ಒಂದೇ ಬಣ್ಣದ ಹಲಗೆಗಳು. ಆರಿಸಿ ತಂದಿದ್ದೆ. ಅಷ್ಟೂ ಹಲಗೆ ಕಪಾಟಿಗೆ ಬರಲಿಲ್ಲ. ಆಮೇಲೆ ಸಣ್ಣ ಸ್ಟೂಲಿಗೆ ಹಾಕಿದೆ. ತೇಗದಲ್ಲಿ ಸ್ಟೂಲು! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಡಿ ಇಂಚಿನ ನಡುವೆ ಚುಕ್ಕಿ ಇಡಬೇಡಿ. 6 ಅಡಿ 10 ಇಂಚು ಎಂದೇ ಪೂರ್ತಿ ಬರೆಯಿರಿ. ಇಂಚಿನ ಒಳಗಿನ ಗೆರೆ ಎಣಿಸುವಾಗ ಉದ್ದ ಗೆರೆಯಿಂದ ಶುರು ಮಾಡಿ. ಅರ್ಧ, ಕಾಲು, ಒಂದು ನೂಲು, ಅರೆ ನೂಲು, ಹೀಗೆ ಇಳಿಯುತ್ತಾ ಬನ್ನಿ. ಒಂದೊಂದೇ ಗೆರೆ ಎಣಿಸುತ್ತಾ ಹೋದರೆ ಹದಿನಾರರಲ್ಲಿ ಒಂದು ತಪ್ಪೇ ತಪ್ಪುತ್ತದೆ.

ಬರೀಮಿಮೀ:
ಅವರು ಮಿಮೀಯಲ್ಲೇ ಕೇಳಿದ್ದಾರೆ ಅಣ್ಣ. ನಿಮ್ಮ ತೇಗದ ಹಲಗೆ ಹೋದದ್ದಕ್ಕೆ ಕಾರಣ ಇಂಚು. 2083 ಎಂದು ಬರೆದಿದ್ದರೆ ಚುಕ್ಕಿಯೂ ಇಲ್ಲ, ನೂಲೂ ಇಲ್ಲ, ಸ್ಟೂಲೂ ಆಗುತ್ತಿರಲಿಲ್ಲ.

ನಾನು ಮಿಮೀಗೆ ಬದಲಾದ ಮೇಲೆ ಒಂದು ಹಲಗೆಯೂ ಹಾಳಾಗಿಲ್ಲ. ಸೆಂಟಿಮೀಟರನ್ನೂ ಬಾಯಲ್ಲಿ ಹೇಳುವುದಿಲ್ಲ. ಟೇಪಿನಲ್ಲಿ 34 ದಾಟಿ ಏಳು ಗೆರೆ ಇದ್ದರೆ ನಾನು ಹೇಳುವುದು 347. ಕೆಲವು ಟೇಪಿನಲ್ಲಿ ಒಂದು ಮೀಟರ್ ದಾಟಿದ ಮೇಲೆ ಅಂಕಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಅಲ್ಲಿ ಮಾತ್ರ ಹುಷಾರಾಗಿರಬೇಕು. ಕೆಂಪು ಅಂಕಿ ನೋಡಿಕೊಳ್ಳಬೇಕು.

ಹೊಸಗೆರೆ ಮೇಡಂ, ನಿಮ್ಮ ಟೇಪು ಸರಿ ಇದೆಯೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. 3-4-5ರಲ್ಲಿ ಟೇಪಿನ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಮೂರೂ ಬದಿ ಒಂದೇ ಟೇಪಿನಲ್ಲಿ ಅಳೆದಿದ್ದೀರಿ. ತಪ್ಪಿದ್ದರೆ ಮೂರರಲ್ಲೂ ಅದೇ ತಪ್ಪು, ಮೂಲೆ ಮಾತ್ರ ಸರಿಯಾಗೇ ಬರುತ್ತದೆ. ನಿಮ್ಮ ಪ್ಲೈವುಡ್ ಹಾಳೆಯೇ ಓರೆ ಇರಬೇಕು.

ಟೈಲ್ಸ್‌ಮನೆ:
ಅಯ್ಯೋ, ನಮ್ಮನೇಲೂ ಇದೇ ಆಗಿತ್ತು. ಬಚ್ಚಲುಮನೆಯ ನೆಲಕ್ಕೆ ಟೈಲ್ಸ್ ಹಾಕುವಾಗ ಗೋಡೆಯಿಂದಲೇ ಅಳೆದು ಶುರು ಮಾಡಿದರು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಕೊನೆಯ ಸಾಲು ಒಂದು ತುದಿಯಲ್ಲಿ ನಾಲ್ಕು ಬೆರಳು, ಇನ್ನೊಂದು ತುದಿಯಲ್ಲಿ ಎರಡೇ ಬೆರಳು. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಹೊಡೆಯುವುದೇ ಅದು. ಅಂಟು ಒಣಗಿಬಿಟ್ಟಿತ್ತು. ಎಬ್ಬಿಸಲು ಹೋದರೆ ಟೈಲು ಪುಡಿ, ಕೆಳಗಿನ ಗಾರೆಯೂ ಜೊತೆಗೇ ಎದ್ದು ಬಂತು. ಎರಡನೇ ಸಲ ಗಾರೆ ಮಾಡಿಸಿ, ನೀರು ಹೋಗುವ ಇಳಿಜಾರನ್ನೂ ಮತ್ತೆ ಮಾಡಿಸಬೇಕಾಯಿತು. ಮತ್ತೆ ತಂದ ಟೈಲಿನ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ, ಹಾಗಾಗಿ ಪೂರ್ತಿ ನೆಲವನ್ನೇ ಬದಲಿಸಿದೆವು.

ಗೋಡೆಯನ್ನು ನಂಬಬೇಡಿ. ನಿಮ್ಮ ಗೋಡೆ ಓರೆ ಇದೆ ಅಷ್ಟೇ. ನಡುವೆ ಎರಡು ಗೆರೆ ಎಳೆದುಕೊಂಡು ಅಲ್ಲಿಂದ ಶುರು ಮಾಡಿ.

ಪಾಯದದಾರ:
ಟೈಲ್ಸ್‌ಮನೆ ಅವರೇ, ಇಲ್ಲಿ ಗೋಡೆ ಇಲ್ಲ, ಚೌಕಟ್ಟು ನೆಲದ ಮೇಲೆ ಬಿಡಿಯಾಗಿ ಇದೆ. ನೀವು ಹೇಳಿದ ಮಾತು ಟೈಲ್ಸಿಗೆ ಸರಿಯೇ.

ಹೊಸಗೆರೆ ಅವರೇ, ಹಾಳೆಗೆ ಗರಗಸ ಮುಟ್ಟಿಸಬೇಡಿ. ನೀವು ಕೊಟ್ಟ 5, 10, 15 ನೋಡಿದರೆ ರೋಗ ಗೊತ್ತಾಗುತ್ತದೆ. ಉದ್ದ ಅಳೆಯುವಲ್ಲಿ ತಪ್ಪಾಗಿದ್ದರೆ ಅಂತರ ಎಲ್ಲೋ ಒಂದು ಕಡೆ ದಿಢೀರ್ ಅಂತ ಬರುತ್ತದೆ, ಅಥವಾ ಎಲ್ಲ ಕಡೆ ಒಂದೇ ಇರುತ್ತದೆ. ದೂರ ಹೋದಂತೆ ಒಂದೇ ಸಮನೆ ಬೆಳೆದರೆ ಅದು ಮೂಲೆಯ ತಪ್ಪು. ಎಡಬದಿಯಲ್ಲಿ ಚೌಕಟ್ಟು ಹೊರಗೆ ವಾಲಿದೆ ಅಂದರೆ ಆ ಮೂಲೆ 90 ಡಿಗ್ರಿಗಿಂತ ಸ್ವಲ್ಪ ಅಗಲವಾಗಿದೆ. ನೀವು 500 ಅಂದುಕೊಂಡದ್ದು ನಿಜವಾಗಿ 500ಕ್ಕಿಂತ ಜಾಸ್ತಿ ಇದೆ.

ಎಷ್ಟು ಜಾಸ್ತಿ? ಬರೀ 1 ಮಿಮೀ. ಇಷ್ಟು ಸಣ್ಣ ತ್ರಿಕೋನದಲ್ಲಿ ಓರೆ ಅಳತೆ 1 ಮಿಮೀ ತಪ್ಪಿದರೆ 3600 ದೂರ ಹೋಗುವಷ್ಟರಲ್ಲಿ ಬದಿ 15 ಮಿಮೀ ಪಕ್ಕಕ್ಕೆ ಹೋಗಿರುತ್ತದೆ. ನಿಮಗೆ ಬಂದಿರುವುದೂ ಅಷ್ಟೇ. ಅದೇ 900, 1200, 1500 ತೆಗೆದುಕೊಂಡಿದ್ದರೆ ಅದೇ 1 ಮಿಮೀ ತಪ್ಪಿಗೆ 5 ಮಿಮೀ ಆಗುತ್ತಿತ್ತು. ಇನ್ನೊಂದು ಗಮನಿಸಿ. ನಿಮ್ಮ ಚೌಕಟ್ಟು 2700 ಮತ್ತು 3600. ಅದೇ ಒಂದು 3-4-5. ಮೂರು ಒಂಬೈನೂರು, ನಾಲ್ಕು ಒಂಬೈನೂರು. ಹಾಗಾದರೆ ಮೂಲೆಯಿಂದ ಮೂಲೆಗೆ 4500 ಬರಲೇಬೇಕು. ಬೇರೆ ಗುರುತೇ ಬೇಡ. ಅಲ್ಲಿ 1 ಮಿಮೀ ತಪ್ಪಾದರೂ ಕೊನೆಯಲ್ಲಿ ಎರಡು ಮಿಮೀ ಒಳಗೇ ನಿಲ್ಲುತ್ತದೆ. ಪಾಯಕ್ಕೆ ದಾರ ಕಟ್ಟುವಾಗ ನಾವು ಯಾವತ್ತೂ ಜಾಗ ಹಿಡಿಸುವಷ್ಟು ದೊಡ್ಡ ತ್ರಿಕೋನವನ್ನೇ ಹಾಕುವುದು ಇದಕ್ಕೇ.

ಈಗ ಆ 1 ಮಿಮೀ ಎಲ್ಲಿಂದ ಬಂತು ಅನ್ನುವುದು. 300 ಮತ್ತು 400 ಗುರುತು ಹಾಕುವಾಗ ಟೇಪಿನ ಕೊಕ್ಕೆಯನ್ನು ಮರದ ಅಂಚಿಗೆ ಸಿಕ್ಕಿಸಿ ಎಳೆದಿರುತ್ತೀರಿ. 500 ಅಳೆಯುವಾಗ ಸಿಕ್ಕಿಸಲು ಅಂಚಿಲ್ಲ. ಪೆನ್ಸಿಲ್ ಗುರುತಿನ ಮೇಲೆ ಕೊಕ್ಕೆಯನ್ನು ಹಾಗೇ ಇಟ್ಟಿರುತ್ತೀರಿ. ಕೊಕ್ಕೆ ಅಲ್ಲಾಡುತ್ತದೆ, ನೋಡಿರಬೇಕು. ಅದು ಹಾಳಾಗಿ ಸಡಿಲವಾದದ್ದಲ್ಲ. ಅದನ್ನು ಮಾಡಿರುವುದೇ ಹಾಗೆ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟೇ ಅದರ ಓಡಾಟ, ಸುಮಾರು 1 ಮಿಮೀ. ಎಳೆದಾಗ ಸೊನ್ನೆ ಕೊಕ್ಕೆಯ ಒಳಮೈಯಲ್ಲಿ ಇರುತ್ತದೆ. ಗೋಡೆಗೆ ಒತ್ತಿದಾಗ ಹೊರಮೈಯಲ್ಲಿ. ಎಳೆದ ಸ್ಥಿತಿಯಲ್ಲೇ ಇರುವ ಕೊಕ್ಕೆಯ ಹೊರಮೈಯನ್ನು ಗುರುತಿಗೆ ತಾಗಿಸಿದರೆ ಟೇಪು 500 ತೋರಿಸುವಲ್ಲಿ ನಿಜವಾದ ದೂರ 501.

ಗುರುತಿನಿಂದ ಗುರುತಿಗೆ ಅಳೆಯುವಾಗ ಕೊಕ್ಕೆಯನ್ನು ಮರೆತುಬಿಡಿ. ಟೇಪಿನ 100 ಗೆರೆಯನ್ನು ಮೊದಲ ಗುರುತಿನ ಮೇಲೆ ಇಡಿ, ಇನ್ನೊಂದು ತುದಿಯಲ್ಲಿ 600 ಓದಿ. 100 ಕಳೆಯುವುದನ್ನು ಮರೆಯಬಾರದು. ಟೇಪು ಹಿಡಿದವರು ಗಟ್ಟಿಯಾಗಿ "ನೂರರಲ್ಲಿ ಇದ್ದೇನೆ" ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ.

ಬರೀಮಿಮೀ:
ಅಂದರೆ ನಾನು ಹೇಳಿದ್ದು ಸುಳ್ಳು ಅಂತೀರಾ? ಒಂದೇ ಟೇಪು, ಒಂದೇ ತಪ್ಪು, ಮೂಲೆ ಸರಿ. ಇದು ಶಾಲೆಯ ಗಣಿತ ಸರ್.

ಪಾಯದದಾರ:
ಅರ್ಧ ಸರಿ. ಟೇಪು ಹಿಗ್ಗಿದೆ, ಅಥವಾ ಅಚ್ಚು ಮಾಡುವಾಗಲೇ ಗೆರೆಗಳು ಒಂದೇ ಪ್ರಮಾಣದಲ್ಲಿ ದೂರ ದೂರ ಬಿದ್ದಿವೆ ಅಂದುಕೊಳ್ಳಿ. ಆಗ ಮೂರೂ ಬದಿ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ತ್ರಿಕೋನದ ಆಕಾರ ಕೆಡುವುದಿಲ್ಲ, ಮೂಲೆ 90 ಡಿಗ್ರಿಯೇ. ಅಲ್ಲಿ ನಿಮ್ಮ ಮಾತು ಒಪ್ಪಿದೆ.

ಕೊಕ್ಕೆಯ ತಪ್ಪು ಹಾಗಲ್ಲ. ಅದು ಸಣ್ಣ ಅಳತೆಗೂ 1 ಮಿಮೀ, ದೊಡ್ಡ ಅಳತೆಗೂ 1 ಮಿಮೀ. ಮೂರೂ ಕಡೆ ಒಂದೇ ರೀತಿ ತಪ್ಪಿದೆ ಎಂದೇ ಇಟ್ಟುಕೊಳ್ಳಿ. ನಿಜವಾದ ಬದಿಗಳು 299, 399, 499. ಆದರೆ 299ಕ್ಕೂ 399ಕ್ಕೂ ಸರಿ ಹೊಂದುವ ಓರೆ ಅಳತೆ 498.6. ಉಳಿದ 0.4 ಮಿಮೀ ನಿಮ್ಮ ಮೂಲೆಗೆ ಹೋಯಿತು. 3600 ದೂರದಲ್ಲಿ ಅದು 6 ಮಿಮೀ. ಮೇಡಂಗೆ ಆಗಿರುವುದು ಇದಕ್ಕಿಂತ ಕೆಟ್ಟದ್ದು. ಎರಡು ಬದಿ ಸರಿ, ಒಂದು ಮಾತ್ರ ತಪ್ಪು. ಇದೇ 0.4 ಮಿಮೀ 4500ರ ಓರೆಯಲ್ಲಿ ಇದ್ದರೆ ಕೊನೆಯಲ್ಲಿ 1 ಮಿಮೀ ಕೂಡ ಆಗುವುದಿಲ್ಲ. ಸುತ್ತಿ ಬಳಸಿ ಮತ್ತೆ ದೊಡ್ಡ ತ್ರಿಕೋನಕ್ಕೇ ಬರುತ್ತೇವೆ.

ಕರ್ಣರೇಖೆ:
ಈ 3-4-5 ಎಲ್ಲ ಯಾಕ್ರೀ? ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳೆಯಿರಿ. ಎರಡೂ ಒಂದೇ ಬಂದರೆ ಮೂಲೆ ಸರಿ. ಲೆಕ್ಕವೇ ಬೇಡ. ನಾನು ಮಾಡಿದ ಮೇಜು, ಬೀರು, ಬಾಗಿಲ ಚೌಕಟ್ಟು ಎಲ್ಲ ಹೀಗೇ. ಒಂದೂ ಓರೆ ಇಲ್ಲ. ಬಾಗಿಲು ಮುಚ್ಚಿದರೆ ಸುತ್ತಲೂ ಒಂದೇ ಸಂದು, ಕಾಗದ ತೂರಿಸಿ ನೋಡಬಹುದು. ಒಂದು ಬೀರುವಿನ ಹಿಂಬದಿಯ ಹಾಳೆ ಹೊಡೆಯುವ ಮೊದಲು ಓರೆ ನೋಡಿದೆ, 2 ಮಿಮೀ ವ್ಯತ್ಯಾಸ ಇತ್ತು. ಕ್ಲಾಂಪ್ ಹಾಕಿ ಎಳೆದು ಸಮ ಮಾಡಿ ಆಮೇಲೆ ಮೊಳೆ ಹೊಡೆದೆ. ಇವತ್ತಿಗೂ ಅದರ ಎರಡು ಬಾಗಿಲುಗಳ ತಲೆ ಒಂದೇ ಮಟ್ಟದಲ್ಲಿದೆ.

ಮೂಲೆಮನೆ:
ಓರೆ ಸಮ ಬಂದರೆ ಸಾಕು ಅಂತ ಹೇಳಿಯೇ ನಮ್ಮ ಡ್ರಾಯರ್ ಹಾಳು ಮಾಡಿದರು. ಮಾಡಿಕೊಟ್ಟವರು ನನ್ನ ಎದುರಿಗೇ ಎರಡೂ ಓರೆ ಅಳೆದು ತೋರಿಸಿದ್ದರು, ಒಂದೇ ಒಂದು ಮಿಮೀ ವ್ಯತ್ಯಾಸ ಇರಲಿಲ್ಲ. ಪೆಟ್ಟಿಗೆಯ ಮುಂದಿನ ಅಗಲ 600, ಹಿಂದಿನ ಅಗಲ 594! ಎರಡೂ ಪಕ್ಕ ಮೂರು ಮೂರು ಮಿಮೀ ಒಳಕ್ಕೆ ಹೋಗಿತ್ತು. ಎರಡೂ ಕಡೆ ಒಂದೇ ಸಮ ಒಳಕ್ಕೆ ಹೋದರೆ ಓರೆಗಳು ಸಮವಾಗಿಯೇ ಇರುತ್ತವೆ. ಮೂಲೆ ಮಾತ್ರ ಒಂದೂ ಸರಿ ಇರುವುದಿಲ್ಲ.

ಡ್ರಾಯರ್ ಅರ್ಧ ದಾರಿ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಬಿಗಿ. ಒತ್ತಿ ಒತ್ತಿ ಪಕ್ಕದ ಹಳಿ ಬಾಗಿತು, ಅದರೊಳಗಿನ ಗುಂಡುಗಳು ಉದುರಿದವು. ಹಳಿ ಬದಲಿಸಿದೆವು, ಅದೂ ಬಾಗಿತು. ಮತ್ತೆ ಹೊಸ ಹಳಿ ಹಾಕಿದಾಗ ಹಿಂದಿನ ಸ್ಕ್ರೂ ತೂತುಗಳು ಸಡಿಲವಾಗಿ ಹಿಡಿತವೇ ಇಲ್ಲ. ಕೊನೆಗೆ ಹಿಂಬದಿಯ ಹಲಗೆ ಬಿಚ್ಚಿಸಿ 600 ಮಾಡಿಸಿದ ಮೇಲೆ ಸರಿಹೋಯಿತು. ಎದುರುಬದುರು ಬದಿ ಅಳೆಯದೆ ಬರೀ ಓರೆ ಅಳೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕರ್ಣರೇಖೆ:
ಬದಿಗಳು ಸಮ ಇರಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ? ಅದನ್ನೂ ಹೇಳಬೇಕಾ? ನಿಮ್ಮ ಕೆಲಸದವರು ಮಾಡಿದ್ದಕ್ಕೆ ನನ್ನ ಮೇಲೆ ಯಾಕೆ ರೇಗುತ್ತೀರಿ.

ಮೂಲೆಮನೆ:
ನೀವು ಬರೆದದ್ದು ಹಾಗೇ ಇದೆ. "ಎರಡೂ ಒಂದೇ ಬಂದರೆ ಮೂಲೆ ಸರಿ, ಲೆಕ್ಕವೇ ಬೇಡ." ಹೊಸಬರು ಅದನ್ನೇ ನಂಬಿ ಮಾಡುತ್ತಾರೆ. ಹೇಳುವುದಾದರೆ ಪೂರ್ತಿ ಹೇಳಿ.

ಉಳಿಸುತ್ತಿಗೆ:
ನೀವಿಬ್ಬರೂ ಸುಮ್ಮನಿರಿ. ಮೂಲೆಮಟ್ಟ ಇಟ್ಟರೆ ಒಂದೇ ಕ್ಷಣದ ಕೆಲಸ. ನನ್ನ ಹತ್ತಿರ ಇರುವುದು ಹಳೆಯ ಕಬ್ಬಿಣದ್ದು, ಇವತ್ತಿಗೂ ಕೂದಲೆಳೆ ವ್ಯತ್ಯಾಸ ಇಲ್ಲ. ಅನುಮಾನ ಇದ್ದರೆ ನೇರ ಅಂಚಿಗೆ ಇಟ್ಟು ಒಂದು ಗೆರೆ ಎಳೆಯಿರಿ. ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ. ಬಾಯಿ ಬಿಟ್ಟರೆ, ಕಾಣುವ ಅಂತರದ ಅರ್ಧ ಅದರ ತಪ್ಪು.

ಪಾಯದದಾರ:
ಆ ಪರೀಕ್ಷೆ ಒಳ್ಳೆಯದು. ಆದರೆ ಮೂಲೆಮಟ್ಟದ ಕೈ ಎಷ್ಟು ಉದ್ದ ಅಣ್ಣ? 300 ಇರಬಹುದು. 300ರಲ್ಲಿ ಕೂದಲೆಳೆಯಷ್ಟು ಇರುವುದು 3600ಕ್ಕೆ ಹನ್ನೆರಡು ಪಟ್ಟು ಆಗುತ್ತದೆ. ಹಲಗೆಯ ತುದಿ ಕತ್ತರಿಸಲು ಮೂಲೆಮಟ್ಟ ಬೇಕೇ ಬೇಕು. ಇಂಥ ಚೌಕಟ್ಟಿಗೆ ಅದು ಸಾಲದು.

ಉಳಿಸುತ್ತಿಗೆ:
ನಮ್ಮ ತಂದೆ ಮನೆಗಳ ಮಾಡನ್ನೇ ಮೂಲೆಮಟ್ಟದಲ್ಲಿ ಕೂರಿಸಿದ್ದಾರೆ. ಯಾವುದೂ ಬಿದ್ದಿಲ್ಲ.

ಹೊಸಗೆರೆ:
ಎಲ್ಲರಿಗೂ ಧನ್ಯವಾದ. ನೂರರ ಗೆರೆಯಿಂದ ಹಿಡಿದು ಇಬ್ಬರು ಸೇರಿ ಅಳೆದೆವು. ಗುರುತು ಹಾಕಿದ ಎಡ ಮೂಲೆಯಿಂದ ಹೊರಡುವ ಓರೆ 4491. ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ 4509. ಬದಿಗಳು ಮತ್ತೆ ನೋಡಿದೆ, 2700, 2700, 3600, 3600. ಬರೀಮಿಮೀ ಅವರು ಹೇಳಿದ್ದಕ್ಕೆ ಹಾಳೆಯನ್ನೂ ಅಳೆದೆ. 1220 × 2440 ಹಾಳೆಯಲ್ಲಿ ಎರಡೂ ಓರೆ 2728 ಬಂತು. ಹಾಳೆ ಸರಿ ಇದೆ ಅಲ್ವಾ? ಸ್ಕ್ರೂ ಸಡಿಲ ಮಾಡಿ ಎಷ್ಟು ತಳ್ಳಲಿ?

ಕರ್ಣರೇಖೆ:
ವ್ಯತ್ಯಾಸ 18. ಅದರ ಅರ್ಧ 9. ಹಿಂದಿನ ಬದಿಯನ್ನು ಬಲಕ್ಕೆ 9 ಮಿಮೀ ತಳ್ಳಿ. ಮುಗಿಯಿತು.

ಪಾಯದದಾರ:
9 ತಳ್ಳಿದರೆ ಇನ್ನೂ ಓರೆಯಾಗೇ ಉಳಿಯುತ್ತದೆ. 4509 ಇರುವುದು 4500 ಆಗಬೇಕು, ಅಂದರೆ ಓರೆ ಅಳತೆ 9 ಇಳಿಯಬೇಕು, ಇದು ನಿಜ. ಆದರೆ ನೀವು ತಳ್ಳುವುದು ಅಡ್ಡಕ್ಕೆ, ಓರೆಯ ದಾರಿಯಲ್ಲಿ ಅಲ್ಲ. ಈ ಅಳತೆಯ ಚೌಕಟ್ಟಿನಲ್ಲಿ ಅಡ್ಡಕ್ಕೆ 5 ಮಿಮೀ ಸರಿದರೆ ಓರೆ 3 ಮಿಮೀ ಮಾತ್ರ ಇಳಿಯುತ್ತದೆ. ಹಾಗಾಗಿ 9 ಇಳಿಯಲು 15 ಸರಿಸಬೇಕು. ಹಾಳೆಯ ಪಕ್ಕ ಕಂಡದ್ದೂ 15 ತಾನೇ. ಕರ್ಣರೇಖೆಯವರ ಬೀರುವಿನಂತೆ ಮೂಲೆಯಿಂದ ಮೂಲೆಗೆ ಕ್ಲಾಂಪ್ ಹಾಕಿ ಎಳೆದರೆ ಮಾತ್ರ ಅವರ 9 ಸರಿ.

ಹೊಸಗೆರೆ ಅವರೇ, ನೀವು ಯಾವ ಅಂಕಿಯನ್ನೂ ನಂಬಿ ತಳ್ಳಬೇಡಿ. ಮುಂದಿನ ಬದಿ ಅಲುಗದಂತೆ ಎರಡು ಮರದ ತುಂಡು ಒತ್ತುಕೊಟ್ಟು ನಿಲ್ಲಿಸಿ. ನಾಲ್ಕೂ ಮೂಲೆಯ ಸ್ಕ್ರೂ ಅರ್ಧ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಹಿಂದಿನ ಎಡ ಮೂಲೆಯನ್ನು ಬಲಕ್ಕೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಒಬ್ಬರು ಓರೆಯ ಮೇಲೆ ಟೇಪು ಬಿಗಿ ಹಿಡಿದಿರಲಿ, ಜೋತು ಬೀಳಬಾರದು. 4600 ಓದುತ್ತಿದೆ ಅಂದರೆ ನೂರು ಕಳೆದು 4500. ಆಗ ನಿಲ್ಲಿಸಿ ಇನ್ನೊಂದು ಓರೆ ನೋಡಿ. ಎರಡೂ ಸಮ ಬಂದ ಮೇಲೆ ಮೂಲೆಗೊಂದು ಓರೆಪಟ್ಟಿ ಹೊಡೆದು, ಆಮೇಲೆ ಸ್ಕ್ರೂ ಬಿಗಿಯಿರಿ. ಬಿಗಿಯುವಾಗ ಮೂಲೆ ಮತ್ತೆ ಎಳೆದುಕೊಳ್ಳುತ್ತದೆ, ಅದಕ್ಕೇ ಪಟ್ಟಿ ಮೊದಲು.

ಕರ್ಣರೇಖೆ:
ಸರಿ, ಅಡ್ಡಕ್ಕೆ ಅಂತ ಬರೆದದ್ದು ನನ್ನದೇ ಅವಸರ. ಆದರೆ ಎರಡು ಟೇಪು ಇಟ್ಟುಕೊಂಡು ಎರಡೂ ಓರೆ ಒಟ್ಟಿಗೇ ನೋಡುತ್ತಾ ತಟ್ಟಿದರೆ ಇನ್ನೂ ಬೇಗ ಆಗುತ್ತದೆ.

ಬರೀಮಿಮೀ:
ಎರಡು ಟೇಪಾ? ನನಗೆ ಪಾಠ ಹೇಳಿ ಈಗ ಎರಡು ಟೇಪು ಅಂತೀರಾ? ಟೇಪಿನ ಮೇಲೆ II ಅಂತ ಬರೆದಿರುತ್ತದೆ, ನೋಡಿದ್ದೀರಾ? ಆ ದರ್ಜೆಯ ಟೇಪು 5 ಮೀಟರ್ ಉದ್ದಕ್ಕೆ 1.3 ಮಿಮೀ ಆಚೆ ಈಚೆ ಇರಲು ಅನುಮತಿ ಇದೆ. ಒಂದು ಆ ಕಡೆ, ಇನ್ನೊಂದು ಈ ಕಡೆ ಇದ್ದರೆ ಎರಡೂವರೆ ಮಿಮೀ ಟೇಪಿನಲ್ಲೇ ಹೋಯಿತು. ಓರೆ ಸಮ ಇದೆ ಅಂತ ನೀವು ಸಂಭ್ರಮ ಪಡುತ್ತೀರಿ. ಒಂದೇ ಟೇಪು ಅಂತ ನಾನು ಮೊದಲಿಂದ ಹೇಳುತ್ತಿರುವುದು ಇದಕ್ಕೇ.

ಪಾಯದದಾರ:
ಇದರಲ್ಲಿ ಬರೀಮಿಮೀ ಪೂರ್ತಿ ಸರಿ.

ಟೈಲ್ಸ್‌ಮನೆ:
ಕೊಕ್ಕೆ ಅಲ್ಲಾಡುತ್ತದೆ ಅಂತ ನಮ್ಮ ಯಜಮಾನರು ಅದನ್ನು ಸುತ್ತಿಗೆಯಲ್ಲಿ ಬಡಿದು ಗಟ್ಟಿ ಮಾಡಿಬಿಟ್ಟಿದ್ದಾರೆ. ಅದನ್ನು ಬಿಸಾಕಬೇಕಾ?

ಉಳಿಸುತ್ತಿಗೆ:
ಗಟ್ಟಿ ಮಾಡಿದ್ದೇ ಒಳ್ಳೆಯದು. ನಾನೂ ನನ್ನ ಟೇಪಿನದನ್ನು ಹಾಗೇ ಮಾಡಿಕೊಂಡಿದ್ದೇನೆ. ಅಲ್ಲಾಡುವ ವಸ್ತುವಿನಲ್ಲಿ ಅಳತೆ ಹೇಗೆ ಸರಿ ಬರುತ್ತದೆ?

ಪಾಯದದಾರ:
ಬೇಡಿ ಅಣ್ಣ. ಗಟ್ಟಿಯಾದ ಕೊಕ್ಕೆ ಎಳೆಯುವ ಅಳತೆಗೆ ಸರಿ ಇದ್ದರೆ ಒತ್ತುವ ಅಳತೆಗೆ 1 ಮಿಮೀ ತಪ್ಪು ಹೇಳುತ್ತದೆ. ಅಮ್ಮಾ, ಬಿಸಾಕುವ ಮೊದಲು ಪರೀಕ್ಷೆ ಮಾಡಿ. ತುದಿ ನೇರ ಇರುವ ಹಲಗೆ ತೆಗೆದುಕೊಳ್ಳಿ. ಕೊಕ್ಕೆಯನ್ನು ತುದಿಗೆ ಸಿಕ್ಕಿಸಿ ಎಳೆದು 300ಕ್ಕೆ ಸಣ್ಣ ಗೆರೆ. ಆಮೇಲೆ ಅದೇ ತುದಿಯನ್ನು ಗೋಡೆಗೆ ತಾಗಿಸಿ, ಟೇಪನ್ನೂ ಗೋಡೆಗೆ ಒತ್ತಿ, 300ಕ್ಕೆ ಇನ್ನೊಂದು ಗೆರೆ. ಎರಡು ಗೆರೆ ಒಂದೇ ಕಡೆ ಬಿದ್ದರೆ ಕೊಕ್ಕೆ ಚೆನ್ನಾಗಿದೆ. ದೂರ ಬಿದ್ದರೆ ಆ ಟೇಪಿನಲ್ಲಿ ನೂರರಿಂದಲೇ ಅಳೆಯಿರಿ. ಕೆಳಗೆ ಬಿದ್ದ ಟೇಪಿಗೂ ಈ ಪರೀಕ್ಷೆ ಬೇಕು, ಕೊಕ್ಕೆ ಬಾಗಿರುತ್ತದೆ.

ಉಳಿಸುತ್ತಿಗೆ:
ಮಾಡಿ ನೋಡಿದೆ. ಎರಡು ಗೆರೆಯ ನಡುವೆ ಅರೆ ನೂಲಿನಷ್ಟು ಇದೆ. ಆದರೆ ನಾನು ಒತ್ತಿ ಅಳೆಯುವುದೇ ಇಲ್ಲ, ಆದ್ದರಿಂದ ನನಗೆ ತೊಂದರೆ ಇಲ್ಲ. ಟೇಪು ಬದಲಿಸುವುದಿಲ್ಲ.

ಬರೀಮಿಮೀ:
ಕಪಾಟಿನ ಒಳಗಡೆ ಹಲಗೆ ಕೂರಿಸುವಾಗ ಒಳ ಅಳತೆ ಏನು ಕಣ್ಣಲ್ಲಿ ತೆಗೆಯುತ್ತೀರಾ?

ಉಳಿಸುತ್ತಿಗೆ:
ಎರಡು ಪಟ್ಟಿ ಜೋಡಿಸಿ, ಜಾರಿಸಿ, ಎರಡೂ ಗೋಡೆಗೆ ತಾಗಿದಾಗ ಗೆರೆ ಹಾಕಿ, ಆ ಪಟ್ಟಿಗಳನ್ನೇ ಹಲಗೆಯ ಮೇಲೆ ಇಡುತ್ತೇನೆ. ಅಂಕಿಯೇ ಇಲ್ಲ. ನಿಮ್ಮ ಮಿಮೀಗಿಂತ ಚೆನ್ನಾಗಿ ಕೂರುತ್ತದೆ.

ಮೂಲೆಮನೆ:
ಇದೊಂದು ಮಾತು ನಾನೂ ಒಪ್ಪುತ್ತೇನೆ. ಡ್ರಾಯರ್ ಸರಿ ಮಾಡಿಕೊಟ್ಟವರು ಹಿಂದಿನ ಅಗಲವನ್ನು ಹೀಗೇ ಎರಡು ಕಡ್ಡಿಯಲ್ಲಿ ತೆಗೆದರು.

ಹೊಸಗೆರೆ:
ತಟ್ಟಿ ಕೂರಿಸಿದೆವು. ಒಂದು ಓರೆ 4500, ಇನ್ನೊಂದು 4501. ಪಟ್ಟಿ ಹೊಡೆದು ಬಿಗಿದ ಮೇಲೂ ಹಾಗೇ ಇದೆ. ಹಾಳೆಗಳ ಅಂಚು ಈಗ ಚೌಕಟ್ಟಿನ ಜೊತೆ ಹೋಗುತ್ತದೆ. ಇನ್ನು ಬಲಬದಿಯಲ್ಲಿ 2440 ದಾಟಿ 260 ಅಗಲದ ಪಟ್ಟಿ ಉಳಿದಿದೆ. ಒಂದು ಹಾಳೆಯಲ್ಲಿ 260, 520, 780 ಎಂದು ಮೊದಲೇ ಗೆರೆ ಹಾಕಿ ಕತ್ತರಿಸಿದರೆ ಆಗುತ್ತಾ?

ಪಾಯದದಾರ:
ಆಗುವುದಿಲ್ಲ. ಬ್ಲೇಡ್ 3 ಮಿಮೀ ತಿನ್ನುತ್ತದೆ ಅಂದರೆ ಎರಡನೇ ಪಟ್ಟಿ 257ಕ್ಕೆ ನಿಲ್ಲುತ್ತದೆ, ಮೂರನೆಯದೂ ಅಷ್ಟೇ. ಒಂದು ಗೆರೆ ಹಾಕಿ, ಬ್ಲೇಡ್ ಗೆರೆಯ ಆಚೆ ಉಳಿಕೆ ಹಾಳೆಯ ಕಡೆ ಓಡಲಿ. ಪಟ್ಟಿ ಬೇರೆಯಾದ ಮೇಲೆ, ಹೊಸದಾಗಿ ಬಂದ ಅಂಚಿನಿಂದ ಮುಂದಿನ 260 ಅಳೆಯಿರಿ. ಅಳತೆಯ ಜಾಗದಲ್ಲಿ ಅಡ್ಡ ಗೆರೆ ಬೇಡ, ತುದಿ ಚೂಪಾದ ಬಾಣದ ಗುರುತು ಹಾಕಿ. ಹಾಳೆಯ ಎರಡೂ ತುದಿಯಲ್ಲಿ ಹೀಗೆ ಗುರುತು ಹಾಕಿ, ಬಣ್ಣದ ದಾರ ಎಳೆದು ಗೆರೆ ಹೊಡೆಯಿರಿ. ಟೇಪು ನಡುವೆ ಉಬ್ಬಿರುತ್ತದೆ ಅಲ್ವಾ, ಗುರುತು ಹಾಕುವಾಗ ಅದನ್ನು ಸ್ವಲ್ಪ ವಾಲಿಸಿ, ಅಂಕಿ ಇರುವ ಅಂಚು ಮರಕ್ಕೆ ತಾಗಲಿ. ಇಲ್ಲದಿದ್ದರೆ ನೀವು ಬಗ್ಗಿ ನೋಡುವ ಕಡೆಗೆ ಗುರುತು ಜಾರುತ್ತದೆ.

ಕರ್ಣರೇಖೆ:
ಪಟ್ಟಿಗಳನ್ನು 259 ಕತ್ತರಿಸಿ. 260 ಬಿಗಿಯಾಗಿ ಕೂತರೆ ಮಳೆಗಾಲದಲ್ಲಿ ಪ್ಲೈ ಉಬ್ಬಿ ಎದ್ದೇಳುತ್ತದೆ.

ಬರೀಮಿಮೀ:
ಒಂದು ಮಿಮೀ ಸಾಲದು. ಹಾಳೆ ಹಾಳೆಯ ನಡುವೆ ಎಲ್ಲ ಕಡೆಯೂ ಸಂದು ಬಿಡಬೇಕು, ಬರೀ ಪಟ್ಟಿಗಲ್ಲ. ಬಿಟ್ಟಿದ್ದಾರಾ ಕೇಳಿ ಮೊದಲು.

ಹೊಸಗೆರೆ:
ಹಾಳೆಗಳನ್ನು ಒಂದಕ್ಕೊಂದು ಒತ್ತಿಯೇ ಇಟ್ಟಿದ್ದೇನೆ. ಇನ್ನೂ ಸ್ಕ್ರೂ ಹಾಕಿಲ್ಲ. ಸಂದು ಬಿಟ್ಟರೆ ಮೂರನೇ ಹಾಳೆಯನ್ನು 1160ರ ಬದಲು ಕಡಿಮೆ ಕತ್ತರಿಸಬೇಕು, ಅಲ್ವಾ?

ಪಾಯದದಾರ:
ಹೌದು. ಎರಡು ಸಂದಿಗೆ 2 ಮಿಮೀಯಂತೆ ಬಿಟ್ಟರೆ 1156. ಆದರೆ ಲೆಕ್ಕದಿಂದ ಕತ್ತರಿಸಬೇಡಿ. ಮೊದಲೆರಡು ಹಾಳೆಗಳನ್ನು ಸಂದು ಬಿಟ್ಟು ಸ್ಕ್ರೂ ಹಾಕಿ. ಉಳಿದ ಜಾಗವನ್ನು ಎಡ ತುದಿಯಲ್ಲೂ ಬಲ ತುದಿಯಲ್ಲೂ ಟೇಪಿನಲ್ಲಿ ನೋಡಿ. ಆ ಎರಡು ಅಂಕಿ ಬರೆದುಕೊಂಡು ಆಮೇಲೆ ಗರಗಸ ತೆಗೆಯಿರಿ.